ಬ್ರಹ್ಮಗಿರಿ ಪ್ರವಾಸದ ಫೋಟೊಗಳು

ಮೊಳಕಾಲ್ಮೂರಿನ ನಮ್ಮ ಹಿರಿಯರ ಬಳಗ ಎಲ್ಲಿಗೆ ಹೋಗಿಬಂದರೂ ಮಾರನೆಯ ದಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೊಗಳ ಸುರಿಮಳೆ. ಒಂದೇ ಚಿತ್ರ ನಾಲ್ವರಿಂದ ಬರುತ್ತದೆ. ಅಲ್ಲಿ ಚಿತ್ರ ಕುಗ್ಗಿ ಬರುವುದರಿಂದ ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮುಖಗಳೆಲ್ಲ ಮಸುಕು. ಅದನ್ನು ಸಹಿಸಬಹುದು. ಆದರೆ ಒಮ್ಮೆ ಸದಸ್ಯರೊಬ್ಬರು ಮಕ್ಕಳ ಗುಂಪಿನ ಚಿತ್ರವೊಂದನ್ನು ತಮ್ಮ ಸ್ಟೇಟಸ್‌ಗೆ ಹಾಕಿಬಿಟ್ಟರು. ಅದರಲ್ಲೊಬ್ಬ ಹುಡುಗಿಯ ಅಂಗಿಯ ಮೇಲೆ ಶಾಲೆಯ ಹೆಸರಿತ್ತು. ಗಂಡನ ಮನೆಯ ಹೊಡೆತ ತಾಳಲಾರದೆ ತವರಿಗೆ ಬಂದಿದ್ದ ಅವಳ ತಾಯಿ, ಮಗಳು ಎಲ್ಲಿ ಓದುತ್ತಾಳೆಂಬುದನ್ನು ಗುಟ್ಟಾಗಿಟ್ಟಿದ್ದರು. ಸ್ಟೇಟಸ್ 24 ಗಂಟೆಗೆ ಅಳಿಯುತ್ತದೆ, ನಿಜ. ಅಷ್ಟರೊಳಗೆ ಅದು ತಲುಪಬಾರದವರನ್ನು ತಲುಪಿತ್ತು. ಆ ತಾಯಿ ಮಗಳ ಶಾಲೆಯನ್ನೇ ಬದಲಿಸಬೇಕಾಯಿತು.

ಮುಂದಿನ ಸಲ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಮೊಮ್ಮಕ್ಕಳೊಂದಿಗೆ ಹೊರಟಾಗ, ಫೋಟೊಗಳ ಹೊಣೆ ನನಗೆ ಬಂತು. ಬ್ಯಾಂಕಿನಲ್ಲಿ ಖಾತೆಯಿಂದ ಯಾರು ಹಣ ತೆಗೆಯಬಹುದೆಂದು ಖಾತೆ ತೆರೆಯುವಾಗಲೇ ಬರೆಸಿಕೊಳ್ಳುತ್ತೇವೆ. ಚೆಕ್ ಕೌಂಟರಿಗೆ ಬಂದ ಮೇಲೆ ಕೇಳುವುದಿಲ್ಲ. ಇಲ್ಲಿಯೂ ಅದನ್ನೇ ಮಾಡಿದೆ. ಹೊರಡುವ ಎರಡು ದಿನ ಮೊದಲು ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಉತ್ತರ ಮೂರರಲ್ಲಿ ಒಂದು: ಆಲ್ಬಂನಲ್ಲಿ ಮಾತ್ರ ಇರಲಿ, ಹೊರಗೂ ಹಾಕಬಹುದು, ಯಾವುದೂ ಬೇಡ. ಏನೂ ಹೇಳದವರನ್ನು ‘ಬೇಡ’ ಎಂದೇ ಬರೆದುಕೊಂಡೆ.

ಮಕ್ಕಳ ವಿಷಯದಲ್ಲಿ ಅಜ್ಜಿ ‘ಹಾಕಿರಿ ಬಿಡಿ, ಅದಕ್ಕೇನು’ ಎಂದರೆ ಸಾಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರ ವಿಷಯದಲ್ಲಿ ಹೆತ್ತವರ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆಯನ್ನೇ ಕೇಳುತ್ತದೆ. ಮನೆಮಂದಿಯ ಖಾಸಗಿ ಬಳಕೆಗೆ ಆ ಕಾಯ್ದೆ ಅನ್ವಯಿಸದು. ಆದರೂ ನಾನು ಬೆಂಗಳೂರಿನಲ್ಲಿದ್ದ ತಾಯಂದಿರಿಗೆ ಫೋನ್ ಮಾಡಿಯೇ ಬರೆದುಕೊಂಡೆ. ಒಬ್ಬರು, ‘ಅಂಕಲ್, ಫೋಟೊ ಹಾಕಿ, ಹೆಸರು ಮಾತ್ರ ಬರೆಯಬೇಡಿ’ ಎಂದರು. ಅದೂ ಪುಸ್ತಕ ಸೇರಿತು.

ಆಲ್ಬಂ ಮಾಡಿದ್ದು ಗೂಗಲ್ ಫೋಟೋಸ್‌ನಲ್ಲಿ. ಹೊಸ ಆಲ್ಬಂ ತೆರೆದು, ಅದರ ಆಯ್ಕೆಗಳಲ್ಲಿ Collaborate ಚಾಲೂ ಮಾಡಿದರೆ ಆಹ್ವಾನ ಪಡೆದವರೂ ತಮ್ಮ ಚಿತ್ರ ಸೇರಿಸಬಹುದು. ಮೊದಲು ಲಿಂಕನ್ನು ಎಲ್ಲರಿಗೂ ಕೊಡಲಿಲ್ಲ. ಫೋಟೊ ತೆಗೆಯುವ ನಾಲ್ವರನ್ನು ಮಾತ್ರ ಸೇರಿಸಿಕೊಂಡೆ. ಲಿಂಕ್ ಹಂಚಿದ ಮೇಲೆ ಅದು ಯಾರ ಕೈ ಸೇರಿದರೂ ಆಲ್ಬಂ ತೆರೆದುಕೊಳ್ಳುತ್ತದೆ, ಅದಕ್ಕೆ ಬೀಗವಿಲ್ಲ. ಚಿತ್ರ ತೆಗೆದ ಜಾಗವೂ ಕಾಣುವ ಸಾಧ್ಯತೆ ಇರುವುದರಿಂದ, ಜಾಗ ಹಂಚುವ ಆಯ್ಕೆಯನ್ನು ಆರಿಸಿದೆ. ನಮ್ಮ ಊಟ ಒಬ್ಬರ ಮನೆಯಲ್ಲಿತ್ತಲ್ಲ!

ಬಂಡೆಯ ಮುಂದೆ ಎಲ್ಲರೂ ನಿಂತೆವು. ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಶಾಸನ ಅದು. ಕೆತ್ತಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡಿದ್ದಾನೆ. ಅವನ ಒಪ್ಪಿಗೆ ಕೇಳುವ ಕೆಲಸ ನನಗಿರಲಿಲ್ಲ!

ಸಂಜೆ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚಿತ್ರ ನೋಡಿದೆ. ಎಲ್ಲರೂ ಚೆಂದವಾಗಿ ನಕ್ಕ ಗುಂಪು ಚಿತ್ರದ ಹಿಂದೆ, ‘ಬೇಡ’ ಪಟ್ಟಿಯ ಹುಡುಗನೊಬ್ಬ ನೀರು ಕುಡಿಯುತ್ತಿದ್ದ. ಅವನು ಅಂಚಿನಲ್ಲಿದ್ದುದರಿಂದ ಕತ್ತರಿಸಲು ಆಯಿತು. ನಡುವೆ ಇದ್ದಿದ್ದರೆ ಆ ಚಿತ್ರವನ್ನೇ ಬಿಡುತ್ತಿದ್ದೆ. ಹಿನ್ನೆಲೆಯಲ್ಲಿ ಸಿಕ್ಕಿಬಿದ್ದವರೇ ಕಣ್ಣಿಗೆ ತಪ್ಪುವುದು. ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಬೇಕು. ಹನ್ನೆರಡು ವರ್ಷದ ಹುಡುಗಿಯೊಬ್ಬಳ ತಾಯಿ ಒಪ್ಪಿದ್ದರು. ಆದರೆ ತಾನು ಜಾರಿ ಬೀಳುತ್ತಿದ್ದ ಚಿತ್ರ ಕಂಡ ಅವಳು, ‘ತಾತ, ಇದು ಬೇಡ’ ಎಂದಳು. ತೆಗೆದುಹಾಕಿದೆ. ತಾಯಿ ಹೂಂ ಎಂದರೂ ಮುಖ ಅವಳದ್ದು.

ಆಮೇಲೆ ಗ್ರೂಪಿಗೆ ಹೀಗೆ ಬರೆದೆ: ‘ಬ್ರಹ್ಮಗಿರಿಯ ಫೋಟೊಗಳೆಲ್ಲ ಈ ಒಂದೇ ಲಿಂಕಿನಲ್ಲಿವೆ. ನಿಮ್ಮ ಬಳಿ ಇರುವುದನ್ನು ಗ್ರೂಪಿಗೆ ಹಾಕಬೇಡಿ, ನನಗೆ ಕಳಿಸಿ, ಸೇರಿಸುತ್ತೇನೆ. ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ ಹಾಕುವ ಮೊದಲು ಚಿತ್ರದಲ್ಲಿರುವವರನ್ನು ಕೇಳಿ. ಲಿಂಕನ್ನು ಮುಂದೆ ಕಳಿಸಬೇಡಿ. ಯಾವುದಾದರೂ ಬೇಡವೆನಿಸಿದರೆ ನನಗೊಂದು ಫೋನ್ ಮಾಡಿ, ಕಾರಣ ಹೇಳಬೇಕಿಲ್ಲ. ಲಿಂಕ್ 15 ದಿನ ಇರುತ್ತದೆ.’

ಇಬ್ಬರು ಫೋನ್ ಮಾಡಿದರು, ಎರಡು ಚಿತ್ರ ಹೋದವು. ಹಾಗೆಂದು ಎಲ್ಲವೂ ನಮ್ಮ ಹಿಡಿತದಲ್ಲಿಲ್ಲ. ಆಲ್ಬಂನಿಂದ ತೆಗೆದರೂ ಯಾರಾದರೂ ಅಷ್ಟರಲ್ಲಿ ಉಳಿಸಿಕೊಂಡ ಪ್ರತಿ ಅವರ ಫೋನಿನಲ್ಲೇ ಇರುತ್ತದೆ. ಹದಿನಾರನೆಯ ದಿನ Link sharing ಆರಿಸಿದೆ. ಅಂದೇ ಸಂಜೆ ಹಿರಿಯರೊಬ್ಬರು, ‘ಏನ್ರೀ, ಬಾಗಿಲು ಹಾಕಿಬಿಟ್ರಾ?’ ಎಂದು ಬಂದರು. ಅವರಿದ್ದ ಐದು ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ.