ಮೂವತ್ತು ಕೆಜಿಯೊಳಗೆ ದುಬೈ

ನಮ್ಮಣ್ಣ ಐಟಿಐ ಮುಗಿಸಿ ನಾಲ್ಕು ವರ್ಷ ಎಸಿ ರಿಪೇರಿ ಕೆಲಸ ಮಾಡಿದ. ಹೋದ ವರ್ಷ ಅವನಿಗೆ ದುಬೈನಲ್ಲಿ ಎಸಿ ಟೆಕ್ನಿಷಿಯನ್ ಕೆಲಸ ಸಿಕ್ತು. ಊರು ತಿಪಟೂರು, ವಿಮಾನ ಬೆಂಗಳೂರಿಂದ. ಟಿಕೆಟ್‌ನಲ್ಲಿ ಚೆಕ್-ಇನ್ ಲಗೇಜ್ 30 ಕೆಜಿ, ಕೈಚೀಲ 7 ಕೆಜಿ ಅಂತ ಇತ್ತು. ಮನೇಲಿ ಇಂಜಿನಿಯರಿಂಗ್ ಓದ್ತಿರೋನು ನಾನೇ ಅಂತ ಪ್ಯಾಕಿಂಗ್ ಜವಾಬ್ದಾರಿ ನನ್ನ ತಲೆಗೆ ಬಂತು.

ಹಗ್ಗಕ್ಕೆ ನೇತುಹಾಕೋ ತೂಕದ ಕಾಂಟಾ ತಂದು ಮೊದಲ ಸಲ ತೂಗಿದಾಗ ಬಂದಿದ್ದು 36.4 ಕೆಜಿ. ಖಾಲಿ ಸೂಟ್‌ಕೇಸೇ 3.8 ಕೆಜಿ! ಇದನ್ನ ಬಹಳ ಜನ ಲೆಕ್ಕಕ್ಕೇ ತಗೊಳ್ಳಲ್ಲ. ನಮ್ಮ ಕಾಂಟಾಗೂ ಏರ್‌ಪೋರ್ಟ್ ಕಾಂಟಾಗೂ ವ್ಯತ್ಯಾಸ ಇರಬಹುದು ಅಂತ 30ರ ಬದಲು 28.5ಕ್ಕೆ ಗುರಿ ಇಟ್ಟೆ. ಅಂದ್ರೆ ಎಂಟು ಕೆಜಿ ಇಳಿಸಬೇಕು.

ಮೊದಲು ಹೋಗಿದ್ದು ಕುಕ್ಕರ್, 2.2 ಕೆಜಿ. ಅಲ್ಲೇ ಸಿಗೋ ಸಾಮಾನು ಹೊತ್ಕೊಂಡು ಹೋಗಿ ಪ್ರಯೋಜನ ಇಲ್ಲ. ಐದು ಕೆಜಿ ರಾಗಿ ಹಿಟ್ಟಿನಲ್ಲಿ ಒಂದು ಕೆಜಿ ಉಳಿಸಿದೆ. "ಮೊದಲನೇ ವಾರ ಅವನಿಗೆ ಅಂಗಡಿ ಎಲ್ಲಿದೆ ಅಂತಾನೂ ಗೊತ್ತಿರಲ್ಲ ಕಣೋ" ಅಂದ್ರು ಅಮ್ಮ. ಆ ಮಾತು ಸರಿ ಇತ್ತು, ಅದಕ್ಕೇ ಒಂದು ಕೆಜಿ ಉಳೀತು. ನಾಲ್ಕು ಕೆಜಿ ಹೊರಗೆ ಬಂತು.

ನಿಜವಾದ ಜಗಳ ಆಗಿದ್ದು ಕೊಬ್ಬರಿಗೆ. ತಿಪಟೂರಿನೋರ ಮನೆಯಿಂದ ಕೊಬ್ಬರಿ ಇಲ್ಲದೆ ಮಗ ಹೊರಡೋದಾ? ಎರಡು ಕೆಜಿ ಇಡೀ ಗಿಟುಕು ತುಂಬಿದ್ರು. ಆದ್ರೆ ವಿಮಾನಯಾನದ ನಿಯಮದಲ್ಲಿ ಕೊಬ್ಬರಿ ಅಪಾಯಕಾರಿ ಸರಕು, ತಾನೇ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ 4.2ರಲ್ಲಿ ಬರುತ್ತೆ. ಅದರ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ನಿಧಾನವಾಗಿ ಸೇರ್ತಾ ಶಾಖ ಬಿಡುತ್ತೆ. ಒತ್ತೊತ್ತಾಗಿ ತುಂಬಿದಾಗ ಆ ಶಾಖಕ್ಕೆ ಹೊರಹೋಗೋ ದಾರಿ ಇರಲ್ಲ. ಬಿಸಿ ಏರಿದಷ್ಟೂ ಕ್ರಿಯೆಯ ವೇಗ ಏರುತ್ತೆ, ವೇಗ ಏರಿದಷ್ಟೂ ಬಿಸಿ. ಅಣ್ಣನಿಗೆ ಇಷ್ಟು ಹೇಳಿದ್ದೇ ಸಾಕಾಯ್ತು, ಗಿಟುಕು ಅಟ್ಟಕ್ಕೆ ವಾಪಸ್ ಹೋಯ್ತು. ತೂಕ 28.2 ಆಯ್ತು.

ಪವರ್ ಬ್ಯಾಂಕಿನ ಭಯವೂ ಹೆಚ್ಚುಕಮ್ಮಿ ಇದೇ ಜಾತಿ, ಆದ್ರೆ ಪರಿಹಾರ ಬೇರೆ. ಅದು ಸೂಟ್‌ಕೇಸಿನಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. ಕ್ಯಾಬಿನ್ನಿನಲ್ಲಿ ಹೊಗೆ ಬಂದ್ರೆ ಯಾರಾದ್ರೂ ನೋಡ್ತಾರೆ, ಆರಿಸ್ತಾರೆ. ಕೆಳಗಿನ ಸರಕು ಕೋಣೆಯಲ್ಲಿ ಆ ಅವಕಾಶ ಇಲ್ಲ. ಮಿತಿ 100 ವ್ಯಾಟ್-ಅವರ್. ಅಣ್ಣಂದು 20,000 ಮಿಲಿಆಂಪಿಯರ್-ಅವರ್. ಇಲ್ಲಿ ಗುಣಿಸಬೇಕಾದ್ದು ಯುಎಸ್‌ಬಿಯ 5 ವೋಲ್ಟಿನಿಂದಲ್ಲ, ಒಳಗಿನ ಸೆಲ್ಲಿನ 3.7 ವೋಲ್ಟಿನಿಂದ: 20 × 3.7 = 74. ಐದರಿಂದ ಗುಣಿಸಿದ್ರೆ 100 ಬಂದು ಸುಮ್ನೆ ಹೆದರ್ಕೋಬೇಕಾಗುತ್ತೆ. ಬರಹ ಅಳಿಸಿಹೋದ ಹಳೇ ಪವರ್ ಬ್ಯಾಂಕ್ ಮಾತ್ರ ಒಯ್ಯಬೇಡಿ, ತಪಾಸಣೆಯಲ್ಲಿ ನಿಮ್ಮ ಲೆಕ್ಕ ಯಾರೂ ಕೇಳಲ್ಲ.

ಇವೆಲ್ಲ ಸಿಕ್ಕಿಬಿದ್ರೆ ಸಾಮಾನು ಹೋಗುತ್ತೆ ಅಷ್ಟೇ. ಗಸಗಸೆ ಹಾಗಲ್ಲ. ನಮಗೆ ಅದು ಪಾಯಸ, ಯುಎಇಯಲ್ಲಿ ಅದು ಮಾದಕವಸ್ತು ಕಾನೂನಿನ ವಿಷಯ. ಅಫೀಮಿನ ಗಿಡದ್ದೇ ಬೀಜ ಅದು, ಮೇಲೆ ಮಾರ್ಫಿನ್ ಅಂಶ ಅಂಟಿರಬಹುದು. ಡಬ್ಬಿಯಲ್ಲಿರೋ ಗಸಗಸೆ ತೆಗೆಯೋದು ಸುಲಭ, ಪುಡಿಯೊಳಗಿರೋದು ಕಣ್ಣಿಗೆ ಕಾಣಲ್ಲ. ಅದಕ್ಕೇ ಪ್ರತಿ ಪುಡಿಗೂ ಏನೇನು ಹಾಕಿದ್ದೀರಿ ಅಂತ ಅಮ್ಮನ್ನ ಕೇಳ್ತಾ ಕೂತೆ. ಹುಳಿಪುಡಿ, ಸಾರಿನಪುಡಿಯಲ್ಲಿ ಇರಲಿಲ್ಲ. ಅತ್ತೆ ಕಳಿಸಿದ್ದ ಮಾಂಸದ ಸಾರಿನ ಮಸಾಲೆಯಲ್ಲಿ ಇತ್ತು, ಫೋನ್ ಮಾಡಿದಾಗಲೇ ಗೊತ್ತಾಗಿದ್ದು. ಔಷಧಿಗೂ ಇದೇ ಜಾಗ್ರತೆ ಬೇಕು: ಕೊಡೈನ್ ಇರೋ ಕೆಮ್ಮಿನ ಸಿರಪ್, ಟ್ರಮಡಾಲ್ ಇರೋ ನೋವಿನ ಮಾತ್ರೆ ಅಲ್ಲಿ ನಿಯಂತ್ರಿತ ಔಷಧಿಗಳು, ಮೊದಲೇ ಅನುಮತಿ ಬೇಕು. ಅಣ್ಣನ ಗ್ಯಾಸ್ಟ್ರಿಕ್ ಮಾತ್ರೆಗಳನ್ನ ಕಂಪನಿ ಪಟ್ಟಿಯಲ್ಲೇ ಬಿಟ್ಟು, ಡಾಕ್ಟರ ಚೀಟಿ ಜೊತೆ ಇಟ್ವಿ.

ಕೈಚೀಲ ತುಂಬುವಾಗ ನಾನು ಹಿಡಿದ ನಿಯಮ ಒಂದೇ: ಸೂಟ್‌ಕೇಸ್ ಮೂರು ದಿನ ತಡವಾಗಿ ಬಂದ್ರೂ ಕೆಲಸಕ್ಕೆ ಹೋಗೋ ಹಾಗಿರಬೇಕು. ಆಫರ್ ಲೆಟರ್, ಐಟಿಐ ಸರ್ಟಿಫಿಕೇಟಿನ ಮೂಲಪ್ರತಿ, ಫೋಟೋಗಳು, ಮಾತ್ರೆ, ಎರಡು ಜೊತೆ ಬಟ್ಟೆ, ಚಾರ್ಜರ್, ಒಂದು ಪ್ಲಗ್ ಅಡಾಪ್ಟರ್. ಅಲ್ಲಿಯ ಕರೆಂಟ್ ನಮ್ಮ ಹಾಗೇ 230 ವೋಲ್ಟ್, ಆದ್ರೆ ಸಾಕೆಟ್ಟಿಗೆ ಚಪ್ಪಟೆ ಮೂರು ಪಿನ್ ಬೇಕು. ಸ್ಕ್ರೂಡ್ರೈವರ್ ಸೆಟ್ ಮಾತ್ರ ಸೂಟ್‌ಕೇಸಿಗೆ, ಕೈಚೀಲದಲ್ಲಿದ್ರೆ ಸೆಕ್ಯೂರಿಟಿಯಲ್ಲೇ ನಿಲ್ಲಿಸ್ತಾರೆ. ಉಪ್ಪಿನಕಾಯಿ, ಕೊಬ್ಬರಿ ಎಣ್ಣೆಯೂ ಕೆಳಗೇ, ಕೈಚೀಲದ ದ್ರವಕ್ಕೆ ಬಾಟಲಿಗೆ 100 ಮಿಲಿ ಮಿತಿ.

ಕೌಂಟರಿನಲ್ಲಿ ಸೂಟ್‌ಕೇಸ್ 28.6 ತೋರಿಸ್ತು. ಮೂರನೇ ದಿನ ಅಣ್ಣ ರೂಮಿಂದ ವಿಡಿಯೋ ಕಾಲ್ ಮಾಡಿ ಮುದ್ದೆ ತೋರಿಸಿದ. ಗಂಟುಗಂಟಾಗಿತ್ತು. "ಅಮ್ಮ, ಮುದ್ದೆಕೋಲು ಇಟ್ಟಿಲ್ವಲ್ಲ" ಅಂದ. ಅದು ಬರೀ ಇನ್ನೂರು ಗ್ರಾಂ ಅಂತ ಅಮ್ಮ ನನ್ನ ಕಡೆ ನೋಡಿದ್ರು.