ಬಾಣದ ಗುರುತಿಲ್ಲದೆ ದಾರಿ ತೋರಿಸುವ ಗುಡ್ಡ

ನಮ್ಮ ಕಡೆ ದಾರಿ ಕೇಳಿದರೆ ‘ಆ ಗುಡ್ಡ ಎಡಕ್ಕೆ ಇಟ್ಕೊಂಡು ಹೋಗಿ, ಮುಂದೆ ಆಲದ ಮರ ಸಿಗುತ್ತೆ’ ಅಂತಾರೆ. ವಿಡಿಯೊ ಗೇಮ್ ಮಾಡುವವರೂ ಹೀಗೇ ದಾರಿ ಹೇಳುತ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಡುವಾಗ. ಜಪಾನಿನ ನಿಂಟೆಂಡೊ ಕಂಪನಿ 2017ರಲ್ಲಿ ತಂದ ಆಟ ಇದು. ಬೆಟ್ಟ, ಕಾಡು, ನದಿ ಇರುವ ದೊಡ್ಡ ಸೀಮೆಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು.

ಇದನ್ನು ಕಟ್ಟಿದವರು ಅದೇ ವರ್ಷ ಒಂದು ಸಮ್ಮೇಳನದಲ್ಲಿ ತಮ್ಮ ಅನುಭವ ಹೇಳಿಕೊಂಡರು. ಮೊದಲು ಅವರು ದೂರಕ್ಕೂ ಕಾಣುವ ಎತ್ತರದ ಗೋಪುರಗಳನ್ನು ನಿಲ್ಲಿಸಿ, ಜನರಿಗೆ ಆಡಲು ಕೊಟ್ಟರಂತೆ. ಆಡಿದವರಲ್ಲಿ ಹೆಚ್ಚಿನವರು ಒಂದು ಗೋಪುರದಿಂದ ಇನ್ನೊಂದಕ್ಕೆ, ಸಾಲು ಹಿಡಿದ ಇರುವೆಗಳ ಹಾಗೆ, ಒಂದೇ ದಾರಿಯಲ್ಲಿ ನಡೆದರು. ಪರದೆ ಮೇಲೆ ಬಾಣ ಇರಲಿಲ್ಲ, ನಿಜ. ಆದರೆ ಗೋಪುರವೇ ಬಾಣವಾಗಿಬಿಟ್ಟಿತ್ತು.

ಅದಕ್ಕೆ ಅವರು ಕಂಡುಕೊಂಡ ಮದ್ದು ತ್ರಿಕೋನ, ಅಂದರೆ ಗುಡ್ಡದ ಆಕಾರ. ನೀವು ಗೋಪುರದ ಕಡೆ ಹೊರಟಿದ್ದೀರಿ, ನಡುವೆ ಒಂದು ಗುಡ್ಡ ಅಡ್ಡ ಬಂತು ಅಂದುಕೊಳ್ಳಿ. ಹತ್ತಿ ದಾಟಬೇಕಾ, ಬಳಸಿ ಹೋಗಬೇಕಾ? ಅದನ್ನು ನೀವೇ ತೀರ್ಮಾನಿಸಬೇಕು. ಒಬ್ಬರು ಹತ್ತುತ್ತಾರೆ, ಇನ್ನೊಬ್ಬರು ಬಳಸುತ್ತಾರೆ, ಅಲ್ಲಿಗೆ ಸಾಲು ಒಡೆಯಿತು.

ಗುಡ್ಡದ ಇನ್ನೊಂದು ಗುಣವೂ ಇದೆ. ಅದರ ಬುಡ ಅಗಲ, ತುದಿ ಕಿರಿದು. ಹಾಗಾಗಿ ಪಕ್ಕದಿಂದ ನಡೆಯುತ್ತಾ ಹೋದರೆ ಹಿಂದೆ ಇರುವುದು ಸ್ವಲ್ಪ ಸ್ವಲ್ಪವಾಗಿ ಇಣುಕುತ್ತದೆ. ಮೊದಲು ಒಂದು ಕಟ್ಟಡದ ತುದಿ, ಆಮೇಲೆ ಅದರ ಗೋಡೆ. ‘ಅದೇನದು?’ ಅಂತ ಹೊರಟ ದಾರಿ ಬಿಟ್ಟು ಅತ್ತ ತಿರುಗುತ್ತೀರಿ. ನೆಟ್ಟಗಿನ ಗೋಡೆಯಂಥ ಬಂಡೆ ಹೀಗಲ್ಲ. ಮೂಲೆ ತಿರುಗುವ ತನಕ ಎಲ್ಲವನ್ನೂ ಮುಚ್ಚಿಡುತ್ತದೆ. ಆಟಗಾರ ಬೆಚ್ಚಿಬೀಳಬೇಕಾದ ಕಡೆ ಅವರು ಅಂಥ ಆಕಾರ ಇಟ್ಟಿದ್ದಾರೆ.

ಕತ್ತಲಾದರೆ ಗುಡ್ಡದ ಆಕಾರ ಕಣ್ಣಿಗೆ ಹತ್ತುವುದಿಲ್ಲ. ಆಗ ಬೆಳಕು ಕರೆಯುತ್ತದೆ. ಇನ್ನೂ ಹೋಗದ ಗುಡಿಗಳು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಹಗಲು ಗಮನಕ್ಕೆ ಬಾರದ ಗುಡಿಯೂ ರಾತ್ರಿ ದೂರದಿಂದ ಕಾಣುತ್ತದೆ. ಇದು ನಡೆಯುವುದು ಸುತ್ತ ಕತ್ತಲಿದ್ದರೆ ಮಾತ್ರ. ಎಲ್ಲವೂ ಹೊಳೆದರೆ ಯಾವುದೂ ಕರೆಯುವುದಿಲ್ಲ.

ಗುರುತುಗಳೇ ಇಲ್ಲವೆಂದಲ್ಲ. ಆಟದಲ್ಲಿ ನಕ್ಷೆ ಇದೆ, ಮುಖ್ಯ ಕೆಲಸ ಎಲ್ಲಿದೆ ಎಂದು ಅದು ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ ‘ಪ್ರೊ’ ಆರಿಸಿದರೆ ಪರದೆಯ ಮೂಲೆಯ ಸಣ್ಣ ನಕ್ಷೆ ಮಾಯವಾಗುತ್ತದೆ. ನಾನು ಹಾಗೆಯೇ ಆಡಿದೆ. ಮೂಲೆಯ ಚುಕ್ಕಿ ನೋಡುತ್ತಿದ್ದ ಕಣ್ಣು ದಿಗಂತ ನೋಡತೊಡಗಿತು.

ಇಂಥ ಆಟ ಕಟ್ಟುವ ಆಸೆ ನಿಮಗಿದ್ದರೆ, ಆಡುವವರ ಹಿಂದೆ ಸುಮ್ಮನೆ ನಿಂತು ನೋಡಿ. ಹೆಜ್ಜೆಹೆಜ್ಜೆಗೂ ನಕ್ಷೆ ತೆರೆಯುತ್ತಿದ್ದರೆ ನಿಮ್ಮ ಸೀಮೆ ಏನನ್ನೂ ಹೇಳುತ್ತಿಲ್ಲ. ಎಲ್ಲರೂ ಒಂದೇ ದಾರಿ ಹಿಡಿದರೆ ಅತಿಯಾಗಿ ಹೇಳುತ್ತಿದೆ. ಇಬ್ಬರು ಬೇರೆಬೇರೆ ದಾರಿಯಲ್ಲಿ ಹೋಗಿ ‘ಇದನ್ನು ನಾನೇ ಹುಡುಕಿದೆ’ ಎಂದರೆ, ಗುಡ್ಡ ಸರಿಯಾದ ಜಾಗದಲ್ಲಿದೆ.