ಫೋಟೊದಲ್ಲಿದ್ದ ಮೂರನೇ ವಿಕೆಟ್

ಭಾನುವಾರ ರಾತ್ರಿ ಒಂಬತ್ತೂವರೆಗೆ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಸೊಕ್ಕೆಯಲ್ಲಿ ಅವತ್ತು ಟೆನಿಸ್ ಬಾಲ್ ಪಂದ್ಯಾವಳಿಯ ಫೈನಲ್ ಇತ್ತು. ನಾನು ಬೇರೆ ಸುದ್ದಿಗೆಂದು ಜಗಳೂರಿಗೆ ಹೋಗಿದ್ದರಿಂದ ಆಟ ನೋಡಿರಲಿಲ್ಲ. ಸ್ಕೋರ್ ಬರೆದ ಪಿಯುಸಿ ಹುಡುಗನಿಗೆ ‘ಪುಸ್ತಕದ ಫೋಟೊ ಹೊಡೆದು ಕಳಿಸಪ್ಪ’ ಅಂದಿದ್ದೆ. ಕಳಿಸಿದ್ದ. ಟ್ಯೂಬ್‌ಲೈಟ್ ಬೆಳಕು, ಪುಟದ ಮೇಲೆ ಅವನದೇ ಹೆಬ್ಬೆರಳಿನ ನೆರಳು. ಹತ್ತು ಗಂಟೆಯೊಳಗೆ ಕಳಿಸದಿದ್ದರೆ ಸುದ್ದಿ ಜಿಲ್ಲಾ ಪುಟಕ್ಕೆ ಸೇರುವುದಿಲ್ಲ. ಅರ್ಧ ಗಂಟೆಯಲ್ಲಿ ಎಂಟು ಸಾಲು ಬರೆದು ಕಳಿಸಿದೆ.

ಬೆಳಗ್ಗೆ ಒಬ್ಬ ಹುಡುಗ ತನ್ನ ಅಪ್ಪನ ಜೊತೆ ಮನೆಗೇ ಬಂದ. ಆ ಫೈನಲ್‌ನಲ್ಲಿ ಸ್ಪಿನ್ ಹಾಕಿದವನು ಅವನು. ಕೈಯಲ್ಲಿ ಪೇಪರ್ ಇತ್ತು.

‘ಅಣ್ಣಾ, ಕಪ್ ನನಗೆ ಕೊಟ್ಟವ್ರೆ. ನೀವು ನೋಡಿದ್ರೆ ಒಳ್ಳೆ ಬೌಲಿಂಗ್ ಮಾಡಿದ್ದು ಅವನು ಅಂತ ಬರೆದೀರಿ.’

ಹುಡುಗ ಅಷ್ಟೇ ಹೇಳಿದ. ಅಪ್ಪ ಮಾತ್ರ ಸುಮ್ಮನಿರಲಿಲ್ಲ. ‘ಮನೇಲಿ ಕಪ್ ಐತೆ, ಪೇಪರ್‌ನಾಗೆ ಹೆಸರಿಲ್ಲ. ಹೋಟ್ಲು ತಾವ ಕೇಳ್ತಾರೆ ಸಾರ್, ನಿಮ್ಮ ಹುಡುಗ ಕಪ್ಪು ಹೆಂಗೆ ತಂದ ಅಂತ.’

ಆಮೇಲೆ ಗೊತ್ತಾಯಿತು, ಕಮಿಟಿಯವರು ಬೇಕಾದವರಿಗೆ ಕಪ್ ಕೊಟ್ಟರು ಅಂತ ಊರಲ್ಲಿ ಮಾತು ಆಗಲೇ ಎದ್ದಿತ್ತು. ಸಾಕ್ಷಿ ನನ್ನ ಎಂಟು ಸಾಲು.

ಅವರನ್ನು ಕೂರಿಸಿ ಫೋಟೊ ಮತ್ತೆ ತೆಗೆದೆ. ಎಂಟು ಓವರ್‌ಗಳ ಪಂದ್ಯ. ಸೊಕ್ಕೆ ತಂಡ ಮೊದಲು ಆಡಿ 68 ರನ್ ಮಾಡಿತ್ತು. ಪಕ್ಕದ ಊರಿನವರು 7.4 ಓವರ್‌ನಲ್ಲಿ 7 ವಿಕೆಟ್‌ಗೆ 69 ಹೊಡೆದು ಗೆದ್ದಿದ್ದರು. ಸೋತರೂ ನಮ್ಮೂರಿನ ಇಬ್ಬರು ಚೆನ್ನಾಗಿ ಬೌಲ್ ಮಾಡಿದ್ದರು. ಒಬ್ಬ ಎಡಗೈಯವನು: 2 ಓವರ್, 14 ರನ್. ಇನ್ನೊಬ್ಬ ಈ ಸ್ಪಿನ್ ಹುಡುಗ: 1.4 ಓವರ್, 11 ರನ್, 3 ವಿಕೆಟ್. ಎಡಗೈಯವನ ವಿಕೆಟ್‌ನ ಜಾಗದಲ್ಲಿ ಹೆಬ್ಬೆರಳಿನ ನೆರಳಿತ್ತು. ಹಾಗಾಗಿ ರಾತ್ರಿ ನಾನು ಅವನ ಓವರ್‌ಗಳ ಚೌಕಗಳನ್ನು ಎಣಿಸಿದ್ದೆ. ಪ್ರತಿ ಬಾಲ್‌ಗೂ ಒಂದು ಗುರುತು ಇರುತ್ತದಲ್ಲ, ಅಲ್ಲಿ ಮೂರು ಕಡೆ W ಇತ್ತು. ಮೂರು ವಿಕೆಟ್ ಅಂದುಕೊಂಡೆ.

ಇಬ್ಬರಿಗೂ ಮೂರು ಮೂರಾಯಿತಲ್ಲ, ಯಾರು ಮೇಲು ಎಂದು ತಿಳಿಯಲು ಎಕಾನಮಿ ಲೆಕ್ಕ ಹಾಕಿದೆ. ಅಂದರೆ ಓವರ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಎಂಬುದು. ಪುಸ್ತಕದಲ್ಲಿ Econ ಎಂಬ ಕಾಲಂ ಖಾಲಿ ಇತ್ತು. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 14 ಭಾಗಿಸು 2 ಒತ್ತಿದೆ, 7 ಬಂತು. 11 ಭಾಗಿಸು 1.4 ಒತ್ತಿದೆ, 7.86 ಬಂತು. ಕಡಿಮೆ ಇದ್ದಷ್ಟೂ ಒಳ್ಳೆಯದು. ಎಡಗೈಯವನೇ ಮೇಲು ಎಂದು ಬರೆದೆ.

ಎರಡು ತಪ್ಪು ಮಾಡಿದ್ದೆ. ಎರಡೂ ಸ್ಪಿನ್ ಹುಡುಗನ ತಲೆಯ ಮೇಲೇ ಬಿದ್ದಿದ್ದವು.

ಮೊದಲ ತಪ್ಪು ವಿಕೆಟ್ ಎಣಿಸಿದ್ದರಲ್ಲಿ. ಬೌಲರ್‌ಗೆ ಎಷ್ಟು ವಿಕೆಟ್ ಎಂದು ತಿಳಿಯಲು ಚೌಕದ W ನೋಡಬಾರದು, ಬ್ಯಾಟಿಂಗ್ ಪುಟ ನೋಡಬೇಕು. ಅಲ್ಲಿ ಒಬ್ಬೊಬ್ಬ ಬ್ಯಾಟ್ಸ್‌ಮನ್ ಮುಂದೆಯೂ ಅವನು ಹೇಗೆ ಔಟಾದ ಎಂದು ಬರೆದಿರುತ್ತದೆ. b ಎಂದರೆ ಬೌಲ್ಡ್, ಅದರ ಮುಂದಿನ ಹೆಸರು ಬೌಲರ್‌ನದು. c ಎಂದರೆ ಕ್ಯಾಚ್, ಅದರ ಮುಂದೆ ಹಿಡಿದವನ ಹೆಸರು. ಆದರೆ ಸಾಲು ಅಲ್ಲಿಗೆ ಮುಗಿಯುವುದಿಲ್ಲ. ಅದಾದ ಮೇಲೆ ಮತ್ತೆ b ಬಂದು ಬೌಲರ್ ಹೆಸರು ಇರುತ್ತದೆ, ಕ್ಯಾಚ್ ಯಾರೇ ಹಿಡಿದರೂ ವಿಕೆಟ್ ಬೌಲರ್‌ದೇ. ಕೀಪರ್ ಸ್ಟಂಪ್ ಮಾಡಿದರೆ st, ಕಾಲಿಗೆ ಬಿದ್ದು ಔಟಾದರೆ lbw. ಆ ಸಾಲುಗಳ ಕೊನೆಯಲ್ಲೂ b ಇರುತ್ತದೆ. ನಮ್ಮ ಕಡೆಯ ಟೆನಿಸ್ ಬಾಲ್ ಆಟಗಳಲ್ಲಿ ಸಾಮಾನ್ಯವಾಗಿ lbw ಕೊಡುವುದಿಲ್ಲ, ಹಾಗಾಗಿ ಅದು ಊರಿನ ಪುಸ್ತಕದಲ್ಲಿ ಕಾಣುವುದು ಕಡಿಮೆ.

b ಇಲ್ಲದೆ ಮುಗಿಯುವ, ನಮಗೆ ಪದೇ ಪದೇ ಸಿಗುವ ಸಾಲು ಒಂದೇ: ರನೌಟ್. ಅದು ಓಡಿದವರ ತಪ್ಪು, ಎಸೆದವನ ಗೆಲುವು. ಬೌಲರ್ ಲೆಕ್ಕಕ್ಕೆ ಬರುವುದಿಲ್ಲ. ಫೋಟೊ ಹಿಗ್ಗಿಸಿ ನೋಡಿದರೆ ಆರನೇ ಬ್ಯಾಟ್ಸ್‌ಮನ್ ಮುಂದೆ ro ಎಂದು ಎರಡೇ ಅಕ್ಷರ. ಆ ರನೌಟ್ ಆದದ್ದು ಎಡಗೈಯವನ ಓವರಿನಲ್ಲಿ. ವಿಕೆಟ್ ಬಿತ್ತಲ್ಲ ಎಂದು ಸ್ಕೋರ್ ಹುಡುಗ ಚೌಕದಲ್ಲಿ W ಹಾಕಿದ್ದ. ನಾನು ಅದನ್ನೂ ಸೇರಿಸಿ ಎಣಿಸಿದ್ದೆ.

ಇದನ್ನು ಹುಡುಗನ ಅಪ್ಪನಿಗೆ ತಿಳಿಸಲು ಅನಿಲ್ ಕುಂಬ್ಳೆಯವರ ಕಾರ್ಡ್ ತೆಗೆದು ತೋರಿಸಿದೆ. 1999ರ ಫೆಬ್ರುವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸ್‌ನ ಹತ್ತೂ ವಿಕೆಟ್ ತೆಗೆದರಲ್ಲ, ಆ ಕಾರ್ಡ್. ಸಯೀದ್ ಅನ್ವರ್ ಮುಂದೆ c ಲಕ್ಷ್ಮಣ್ b ಕುಂಬ್ಳೆ. ಇಂಜಮಾಮ್ ಮುಂದೆ ಬರೀ b ಕುಂಬ್ಳೆ. ಇಜಾಜ್ ಅಹ್ಮದ್ ಮುಂದೆ lbw b ಕುಂಬ್ಳೆ. ಔಟಾದ ರೀತಿ ಬೇರೆ ಬೇರೆ, ಆದರೆ ಹತ್ತು ಸಾಲೂ ‘b ಕುಂಬ್ಳೆ’ ಎಂದೇ ಮುಗಿಯುತ್ತವೆ. ಅವುಗಳಲ್ಲಿ ಒಂದು ರನೌಟ್ ಆಗಿದ್ದರೂ ಆ ದಾಖಲೆ ಇರುತ್ತಿರಲಿಲ್ಲ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ನಮ್ಮ ಜಾವಗಲ್ ಶ್ರೀನಾಥ್ ತನಗೆ ವಿಕೆಟ್ ಸಿಗದಿರಲೆಂದು ಸ್ಟಂಪಿನಿಂದ ದೂರ ಬಾಲ್ ಹಾಕಿದ್ದನ್ನು ಆಗ ಟಿ.ವಿ. ನೋಡಿದವರು ಮರೆತಿರಲಾರರು.

ಎರಡನೇ ತಪ್ಪು ಚುಕ್ಕೆಯದು. 1.4 ಓವರ್ ಎಂದರೆ ಒಂದೂ ನಾಲ್ಕು ದಶಾಂಶ ಅಲ್ಲ, ಒಂದು ಓವರ್ ಮತ್ತು ನಾಲ್ಕು ಬಾಲ್. ಓವರ್‌ಗೆ ಆರು ಬಾಲ್. ಕ್ಯಾಲ್ಕುಲೇಟರ್‌ಗೆ ಇದು ಗೊತ್ತಿಲ್ಲ, ಅದು ಹತ್ತರ ಲೆಕ್ಕದಲ್ಲಿ ಹೋಗುತ್ತದೆ. ಸರಿಯಾದ ದಾರಿ ಎಂದರೆ ಎಲ್ಲವನ್ನೂ ಬಾಲ್‌ಗೆ ತರುವುದು. ಆರು ಮತ್ತು ನಾಲ್ಕು, ಹತ್ತು ಬಾಲ್. ಹತ್ತು ಬಾಲ್‌ಗೆ 11 ರನ್, ಒಂದು ಬಾಲ್‌ಗೆ 1.1, ಆರು ಬಾಲ್‌ಗೆ 6.6. ಎಡಗೈಯವನ 7ಕ್ಕಿಂತ ಕಡಿಮೆ!

ಕುಂಬ್ಳೆಯವರ ಕಾರ್ಡಿನಲ್ಲೂ ಇಂಥದೇ ಚುಕ್ಕೆ ಇದೆ: 26.3 ಓವರ್, 74 ರನ್. ನನ್ನ ಹಾಗೆ 26.3ರಿಂದ ಭಾಗಿಸಿದರೆ 2.81 ಬರುತ್ತದೆ. ಮೂರು ಬಾಲ್ ಎಂದರೆ ಅರ್ಧ ಓವರ್, 26.5ರಿಂದ ಭಾಗಿಸಬೇಕು, ಆಗ 2.79. ಅಲ್ಲಿ ತಪ್ಪು ಕೂದಲೆಳೆಯಷ್ಟು, ಯಾಕೆಂದರೆ ಓವರ್ ಜಾಸ್ತಿ. ಎರಡು ಓವರ್ ಹಾಕುವ ಊರಿನ ಹುಡುಗನಿಗೆ ಅದೇ ತಪ್ಪು ಒಂದೂಕಾಲು ರನ್ನಿನ ಹೊಡೆತ.

ಇಷ್ಟು ಹೇಳಿ ಕಳಿಸಿದೆ. ಮಧ್ಯಾಹ್ನ ಎಡಗೈಯವನ ಗೆಳೆಯರು ಬಂದರು. ‘ಅಣ್ಣಾ, ಸರಿಯಾಗಿ ನೋಡ್ರಿ. ಅವನು ಕೊಟ್ಟಿದ್ದು 11 ಅಲ್ಲ, 17.’ ಫೋಟೊದಲ್ಲಿ ನಿಜವಾಗಿಯೂ ಎರಡೂ ಆಗಬಹುದಿತ್ತು. ಸ್ಕೋರ್ ಹುಡುಗನ ಒಂದಕ್ಕೂ ಏಳಕ್ಕೂ ಒಂದೇ ಕೊಕ್ಕೆ. ಪುಸ್ತಕ ಬೇಕೆಂದರೆ ಅದು ಪಂದ್ಯಾವಳಿ ನಡೆಸಿದವರ ಹತ್ತಿರ, ಅವರು ಊರಲ್ಲಿರಲಿಲ್ಲ.

ಆಗ ನೆನಪಾದದ್ದು ಅಂಗಡಿಯ ಖಾತೆ ಪುಸ್ತಕ. ಸ್ಕೋರ್‌ಕಾರ್ಡ್ ಕೂಡ ಜಮಾ ಖರ್ಚಿನ ಪುಸ್ತಕವೇ. ಒಂದೇ ರನ್ನನ್ನು ಎರಡು ಕಡೆ ಬರೆದಿರುತ್ತಾರೆ, ಬ್ಯಾಟಿಂಗ್ ಪುಟದಲ್ಲಿ ಒಮ್ಮೆ, ಬೌಲಿಂಗ್ ಪುಟದಲ್ಲಿ ಒಮ್ಮೆ. ಎರಡೂ ತಾಳೆಯಾಗಲೇಬೇಕು.

ತಾಳೆ ನೋಡಲು ಇತರೆ ರನ್‌ಗಳ ಸಾಲು ಬೇಕು. ಬ್ಯಾಟಿಂಗ್ ಪುಟದ ಕೆಳಗೆ ಹೀಗೆ ಬರೆದಿತ್ತು: b 2, lb 3, w 4, nb 1, ಒಟ್ಟು 10. ಇಲ್ಲಿ ಹುಷಾರಾಗಿರಬೇಕು. ಮೇಲೆ ಬೌಲ್ಡ್ ಆಗಿದ್ದ b ಇಲ್ಲಿ ಬೈ. lb ಲೆಗ್ ಬೈ, ಅದು lbw ಅಲ್ಲ. ದೊಡ್ಡ W ವಿಕೆಟ್, ಈ ಸಣ್ಣ w ವೈಡ್. nb ನೋಬಾಲ್. ಅಕ್ಷರ ಒಂದೇ, ಇರುವ ಜಾಗದ ಮೇಲೆ ಅರ್ಥ.

ಈ ನಾಲ್ಕರಲ್ಲಿ ಬೌಲರ್ ಖಾತೆಗೆ ಹೋಗುವುದು ಎರಡೇ. ವೈಡ್ ಮತ್ತು ನೋಬಾಲ್ ಅವನ ತಪ್ಪು, ಅವನು ಕೊಟ್ಟ ರನ್ನಿಗೆ ಸೇರುತ್ತವೆ. ಬೈ ಮತ್ತು ಲೆಗ್ ಬೈ ಅವನಿಗೆ ಸೇರುವುದಿಲ್ಲ. ಒಂದರಲ್ಲಿ ಬಾಲ್ ಯಾರಿಗೂ ತಾಗದೆ ಹಿಂದೆ ಹೋಗಿರುತ್ತದೆ, ಇನ್ನೊಂದರಲ್ಲಿ ಬ್ಯಾಟ್ಸ್‌ಮನ್ ಮೈಗೆ ತಾಗಿ ಹೋಗಿರುತ್ತದೆ.

ಈಗ ಲೆಕ್ಕ. ಒಟ್ಟು 69. ಯಾವ ಬೌಲರ್‌ಗೂ ಸೇರದ ಬೈ, ಲೆಗ್ ಬೈ ಐದು. ಕಳೆದರೆ 64. ಇದು ನಾಲ್ಕು ಬೌಲರ್‌ಗಳು ಕೊಟ್ಟ ರನ್ ಆಗಬೇಕು. ಉಳಿದ ಮೂವರದು ಸ್ಪಷ್ಟವಾಗಿ ಕಾಣುತ್ತಿತ್ತು: 14, 19, 20. ಕೂಡಿದರೆ 53. ಅರವತ್ನಾಲ್ಕರಲ್ಲಿ ಐವತ್ಮೂರು ಹೋದರೆ ಹನ್ನೊಂದು. ಹದಿನೇಳಾಗಿದ್ದರೆ ಒಟ್ಟು 75 ಆಗಬೇಕಿತ್ತು. ಬ್ಯಾಟಿಂಗ್ ಪುಟವನ್ನೂ ಕೂಡಿಸಿದೆವು. ಒಂಬತ್ತು ಜನ ಹೊಡೆದದ್ದು 59, ಇತರೆ 10, ಒಟ್ಟು 69. ಸರಿ ಹೋಯಿತು.

ವಿಕೆಟ್‌ಗೂ ಹೀಗೇ. ಬಿದ್ದದ್ದು 7. ಸ್ಪಿನ್ ಹುಡುಗ 3, ಇನ್ನೊಬ್ಬ ಬೌಲರ್ 1, ರನೌಟ್ 1. ಎಡಗೈಯವನಿಗೆ ಉಳಿಯುವುದು ಎರಡೇ. ರಾತ್ರಿ ಇದೊಂದನ್ನು ಕೂಡಿಸಿ ನೋಡಿದ್ದರೆ ನನ್ನ ಲೆಕ್ಕಕ್ಕೆ ಎಂಟು ವಿಕೆಟ್ ಬಂದು, ಎಲ್ಲೋ ತಪ್ಪಿದೆ ಎಂದು ತಿಳಿಯುತ್ತಿತ್ತು.

ಗೆಳೆಯರಲ್ಲಿ ಒಬ್ಬ ಸುಮ್ಮನಾಗಲಿಲ್ಲ. ‘ಹಂಗಾದ್ರೆ ಅವರ ಕಡೆ ಕೊನೇಲಿ ಬಂದೋನು 2 ಬಾಲ್‌ಗೆ 6 ಹೊಡೆದ, SR 300. ಅವನೇ ದೊಡ್ಡ ಬ್ಯಾಟ್ಸ್‌ಮನ್ನಾ?’ ಎಂದ. ಒಳ್ಳೆ ಪ್ರಶ್ನೆ. SR ಎಂದರೆ ಸ್ಟ್ರೈಕ್ ರೇಟ್, ನೂರು ಬಾಲ್ ಆಡಿದ್ದರೆ ಅದೇ ವೇಗದಲ್ಲಿ ಎಷ್ಟು ರನ್ ಬರುತ್ತಿತ್ತು ಎಂಬುದು. ರನ್ನನ್ನು ನೂರರಿಂದ ಗುಣಿಸಿ ಆಡಿದ ಬಾಲ್‌ನಿಂದ ಭಾಗಿಸಬೇಕು. ಅದೇ ತಂಡದಲ್ಲಿ 15 ಬಾಲ್‌ಗೆ 21 ಹೊಡೆದು ಔಟಾಗದೆ ಉಳಿದವನಿಗೆ SR 140. ಪಂದ್ಯ ಗೆಲ್ಲಿಸಿದ್ದು ಅವನು. ಎರಡು ಬಾಲ್‌ನ ಮುನ್ನೂರು ವೇಗವನ್ನು ಹೇಳುತ್ತದೆ, ಎಷ್ಟು ಹೊತ್ತು ನಿಂತ ಎಂದು ಹೇಳುವುದಿಲ್ಲ. ಹತ್ತು ಬಾಲ್‌ನ ಎಕಾನಮಿಗೂ ಇದೇ ಮಾತು. ಅದನ್ನೇ ಹಿಡಿದು ಇಬ್ಬರಲ್ಲಿ ಒಬ್ಬ ಮೇಲು ಎಂದು ತೀರ್ಪು ಬರೆದದ್ದೇ ನನ್ನ ಮೂರನೇ ತಪ್ಪು.

ಅವರು ಎದ್ದು ಹೋದರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ಬುಧವಾರ ತಿದ್ದುಪಡಿ ಬಂತು, ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಎಂಟು ಸಾಲು ಓದಿದಷ್ಟು ಜನ ಆ ನಾಲ್ಕು ಸಾಲು ಓದಿರಲಾರರು. ಹುಡುಗನ ಅಪ್ಪ ಅದನ್ನು ಕತ್ತರಿಸಿ ಹೋಟೆಲಿನ ಗೋಡೆಗೆ ಅಂಟಿಸಿದ್ದಾರೆ, ಟೀ ಕುಡಿಯುವಾಗ ನನ್ನ ಕಣ್ಣಿಗೆ ಬೀಳುತ್ತದೆ.

ಈಗ ಯಾರಾದರೂ ಸ್ಕೋರ್ ಕಳಿಸುತ್ತೇನೆ ಎಂದರೆ ಎರಡೂ ಪುಟ ಕೇಳುತ್ತೇನೆ, ಬೆಳಕಿಗೆ ಹಿಡಿದು, ಬೆರಳು ಅಂಚಿನಲ್ಲಿಟ್ಟು ಎನ್ನುತ್ತೇನೆ. ಡೈರಿಯಲ್ಲಿ ಮೂರು ಕೂಡಿಕೆ ಹಾಕುತ್ತೇನೆ: ಬ್ಯಾಟಿಂಗ್ ಮತ್ತು ಇತರೆ, ಬೌಲಿಂಗ್ ಮತ್ತು ಬೈಗಳು, ವಿಕೆಟ್ ಮತ್ತು ರನೌಟ್. ಐದು ನಿಮಿಷದ ಕೆಲಸ. ಮೂರೂ ತಾಳೆಯಾಗದಿದ್ದರೆ ಗೆದ್ದವರು ಯಾರೆಂದಷ್ಟೇ ಬರೆದು ಕಳಿಸುತ್ತೇನೆ, ಹುಡುಗರ ಹೆಸರು ಮರುದಿನಕ್ಕೆ.